ಸೆಪ್ಸಿಸ್‌ನ ಮೊದಲ ಗಂಟೆ: ಗುರುತಿಸುವ ಬಗೆ, ಆರೈಕೆಯ ಕ್ರಮ

ಸೋಂಕಿನ ವಿರುದ್ಧ ದೇಹ ನಡೆಸುವ ಹೋರಾಟ ಹದ ತಪ್ಪಿ, ಆ ಹೋರಾಟವೇ ದೇಹದ ಅಂಗಗಳನ್ನು ಕೆಡಿಸತೊಡಗಿದಾಗ ಆ ಸ್ಥಿತಿಯನ್ನು ಸೆಪ್ಸಿಸ್ ಎನ್ನುತ್ತಾರೆ. ಜ್ವರ ಬಂದವರಿಗೆಲ್ಲ ಸೆಪ್ಸಿಸ್ ಆಗಿರುವುದಿಲ್ಲ. ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ ಮಾತ್ರ ಸೆಪ್ಸಿಸ್ ಎಂಬ ತಿಳಿವಳಿಕೆಯೂ ಸರಿಯಲ್ಲ. 2016ರಲ್ಲಿ ತಜ್ಞರ ಅಂತರರಾಷ್ಟ್ರೀಯ ತಂಡ ಒಪ್ಪಿಕೊಂಡ ವ್ಯಾಖ್ಯೆಯಲ್ಲಿ ಎರಡು ಅಂಶಗಳಿವೆ: ಸೋಂಕು ಇರಬೇಕು ಅಥವಾ ಅದರ ಬಲವಾದ ಅನುಮಾನವಿರಬೇಕು, ಜೊತೆಗೆ ಮೂತ್ರಪಿಂಡ, ಮಿದುಳು, ಶ್ವಾಸಕೋಶ, ಯಕೃತ್ತು, ರಕ್ತಪರಿಚಲನೆ ಮುಂತಾದವುಗಳಲ್ಲಿ ಕೆಲಸ ಕೆಟ್ಟಿರುವ ಗುರುತು ಹೊಸದಾಗಿ ಕಾಣಿಸಿರಬೇಕು. ಮೂಲ ಸೋಂಕು ನ್ಯುಮೋನಿಯಾ ಇರಬಹುದು, ಮೂತ್ರನಾಳದ್ದಿರಬಹುದು, ಹೊಟ್ಟೆಯೊಳಗಿನದಿರಬಹುದು, ಕಾಲಿನ ಹುಣ್ಣಿನದ್ದೂ ಇರಬಹುದು.

2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ತಗುಲಿ, ಅವರಲ್ಲಿ 1.1 ಕೋಟಿ ಜನ ಸತ್ತರೆಂಬ ಅಂದಾಜು 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕಿತ್ಸೆಗೆ ಬೇಕಾದ ವಸ್ತುಗಳು ಅಪರೂಪದವೇನಲ್ಲ. ಆ್ಯಂಟಿಬಯಾಟಿಕ್, ಡ್ರಿಪ್, ರಕ್ತದೊತ್ತಡ ಏರಿಸುವ ಔಷಧಿ, ಇಷ್ಟೇ. ಆದರೆ ಇವು ರೋಗಿಗೆ ಸೇರಬೇಕಾದರೆ ಯಾರಾದರೂ ಮೊದಲು ಸೆಪ್ಸಿಸ್ ಇರಬಹುದೆಂದು ಅನುಮಾನಿಸಬೇಕು. ವಾರ್ಡಿನಲ್ಲಿ ವೈದ್ಯರು ದಿನಕ್ಕೆ ಒಂದೆರಡು ಸುತ್ತು ಬರುತ್ತಾರೆ, ನಾಲ್ಕು ಗಂಟೆಗೊಮ್ಮೆ ನಾಡಿ ಹಿಡಿಯುವವರು ನರ್ಸ್. ಆದ್ದರಿಂದ ಆ ಮೊದಲ ಅನುಮಾನ ಬಹುಪಾಲು ನರ್ಸ್‌ನಿಂದಲೇ ಬರಬೇಕಾಗುತ್ತದೆ.

ದೇಹದೊಳಗೆ ಆಗುವುದೇನು

ಸೋಂಕಿನ ಜಾಗದಲ್ಲಿ ರಕ್ತನಾಳಗಳು ಹಿಗ್ಗಿ, ಅವುಗಳ ಗೋಡೆ ಸಡಿಲವಾಗಿ, ರಕ್ಷಕ ಕಣಗಳು ಹೊರಬರುವುದು ಸಹಜ ಕ್ರಿಯೆ. ಸೆಪ್ಸಿಸ್‌ನಲ್ಲಿ ಇದೇ ಕ್ರಿಯೆ ಇಡೀ ದೇಹದಲ್ಲಿ ನಡೆಯುತ್ತದೆ. ಎಲ್ಲೆಡೆ ನಾಳಗಳು ಹಿಗ್ಗಿದಾಗ, ಇರುವ ರಕ್ತ ಅವುಗಳನ್ನು ತುಂಬಲು ಸಾಲುವುದಿಲ್ಲ. ಗೋಡೆ ಸಡಿಲವಾದ್ದರಿಂದ ನೀರಿನಂಶ ಊತಕಗಳಿಗೆ ಸೋರುತ್ತದೆ. ಅತಿ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ತಡೆಯುತ್ತದೆ. ಜೀವಕೋಶಗಳಿಗೆ ಆಮ್ಲಜನಕ ಸಾಲದೆ, ಇದ್ದದ್ದನ್ನೂ ಸರಿಯಾಗಿ ಬಳಸಲಾಗದೆ, ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ.

ದೇಹ ಇದನ್ನು ಸರಿದೂಗಿಸಲು ಮೊದಲು ಹೃದಯದ ವೇಗವನ್ನು ಹೆಚ್ಚಿಸುತ್ತದೆ. ರಕ್ತದ ಆಮ್ಲತೆ ತಗ್ಗಿಸಲು ಉಸಿರಾಟದ ವೇಗವೂ ಹೆಚ್ಚುತ್ತದೆ. ಮಿದುಳಿಗೆ ಪೆಟ್ಟು ಬಿದ್ದಾಗ ರೋಗಿ ಮಂಕಾಗುತ್ತಾರೆ, ಇಲ್ಲವೇ ತಡವರಿಸಿ ಮಾತಾಡುತ್ತಾರೆ. ರಕ್ತದೊತ್ತಡ ಬೀಳುವುದು ಸಾಮಾನ್ಯವಾಗಿ ಈ ಹೊಂದಾಣಿಕೆಗಳೆಲ್ಲ ಸೋತ ಮೇಲೆ. ಬಿಪಿ ಚೆನ್ನಾಗಿದೆ ಎಂಬ ಕಾರಣಕ್ಕೆ ನಿಶ್ಚಿಂತರಾದವರಿಗೆ ಸೆಪ್ಸಿಸ್ ತಡವಾಗಿ ಕಾಣುವುದು ಇದರಿಂದಲೇ.

ಗುರುತಿಸಲು ಇರುವ ಅಳತೆಗಳು

ಅಂಗಗಳ ಕೆಲಸ ಎಷ್ಟು ಕೆಟ್ಟಿದೆ ಎಂದು ಅಳೆಯುವ ಪಟ್ಟಿಗೆ ಸೋಫಾ ಎಂದು ಹೆಸರು. ಆರು ವ್ಯವಸ್ಥೆಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡಲಾಗುತ್ತದೆ. ಸೋಂಕಿನ ಅನುಮಾನವಿರುವ ರೋಗಿಯ ಅಂಕ ಮೊದಲಿಗಿಂತ ಎರಡು ಅಥವಾ ಹೆಚ್ಚು ಏರಿದರೆ ಅದು ಸೆಪ್ಸಿಸ್. ಆದರೆ ಇದಕ್ಕೆ ಕ್ರಿಯಾಟಿನಿನ್, ಬಿಲಿರುಬಿನ್, ಪ್ಲೇಟ್‌ಲೆಟ್ ಮುಂತಾದ ವರದಿಗಳು ಬೇಕು. ಅವು ಬರುವವರೆಗೆ ಕಾಯಲಾಗದು. ಹಾಸಿಗೆಯ ಪಕ್ಕದಲ್ಲೇ ನೋಡಬಹುದಾದ ಕ್ವಿಕ್ ಸೋಫಾದಲ್ಲಿ ಮೂರೇ ಪ್ರಶ್ನೆಗಳಿವೆ: ಉಸಿರು ನಿಮಿಷಕ್ಕೆ 22 ಅಥವಾ ಹೆಚ್ಚಿದೆಯೇ, ಮೇಲಿನ ರಕ್ತದೊತ್ತಡ 100 ಅಥವಾ ಕಡಿಮೆಯಿದೆಯೇ, ಪ್ರಜ್ಞೆಯಲ್ಲಿ ಬದಲಾವಣೆಯಿದೆಯೇ. ಎರಡಕ್ಕೆ ಹೌದೆಂದರೆ ಅಪಾಯ ಹೆಚ್ಚು. ಈ ಪಟ್ಟಿ ಅನೇಕ ರೋಗಿಗಳನ್ನು ಆರಂಭದಲ್ಲಿ ಹಿಡಿಯದೆ ಬಿಡುತ್ತದೆ. ಹಾಗಾಗಿ ಸೆಪ್ಸಿಸ್ ಹುಡುಕಲು ಇದೊಂದನ್ನೇ ನೆಚ್ಚಬಾರದೆಂದು 2021ರ ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್ ಮಾರ್ಗಸೂಚಿ ಹೇಳುತ್ತದೆ.

ವಾರ್ಡಿಗೆ ಹೆಚ್ಚು ಒಗ್ಗುವುದು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಪರಿಷ್ಕರಿಸಿದ ನ್ಯೂಸ್-2 ಎಂಬ ಅಂಕಪಟ್ಟಿ. ಉಸಿರಾಟ, ಆಮ್ಲಜನಕದ ಮಟ್ಟ, ಆಮ್ಲಜನಕ ಕೊಡಲಾಗುತ್ತಿದೆಯೇ ಎಂಬುದು, ಮೇಲಿನ ರಕ್ತದೊತ್ತಡ, ನಾಡಿ, ಪ್ರಜ್ಞೆ, ತಾಪಮಾನ ಇವುಗಳಿಗೆ ಅಂಕ ಕೊಟ್ಟು ಕೂಡಿಸುತ್ತಾರೆ. ಮೊತ್ತ 5 ಮುಟ್ಟಿದರೆ ವೈದ್ಯರು ತುರ್ತಾಗಿ ಬಂದು ನೋಡಬೇಕು. 7 ಅಥವಾ ಹೆಚ್ಚಾದರೆ ಅದು ಎಮರ್ಜೆನ್ಸಿ. ಯಾವುದಾದರೂ ಒಂದರಲ್ಲೇ 3 ಅಂಕ ಬಂದರೂ ವೈದ್ಯರಿಗೆ ತಿಳಿಸಬೇಕು. ಈ ಪಟ್ಟಿ ಸೆಪ್ಸಿಸ್ ಇದೆ ಎಂದು ಹೇಳುವುದಿಲ್ಲ, ರೋಗಿ ಹದಗೆಡುತ್ತಿದ್ದಾರೆ ಎಂದಷ್ಟೇ ಹೇಳುತ್ತದೆ. ಇದಕ್ಕೆ ಸೋಂಕು ಕಾರಣವಿರಬಹುದೇ ಎಂಬ ಪ್ರಶ್ನೆಯನ್ನು ನೋಡುತ್ತಿರುವವರೇ ಕೇಳಿಕೊಳ್ಳಬೇಕು.

ಯಾವ ಅಂಕಪಟ್ಟಿಯೂ ಅದಕ್ಕೆ ತುಂಬಿದ ಸಂಖ್ಯೆಗಳಷ್ಟೇ ನಿಜ. ಇವುಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಉಸಿರಾಟದ ಎಣಿಕೆ. ನಾಡಿ, ಬಿಪಿ, ಆಮ್ಲಜನಕವನ್ನು ಯಂತ್ರ ತೋರಿಸುತ್ತದೆ, ಉಸಿರನ್ನು ಮಾತ್ರ ಕಣ್ಣಿನಿಂದ ಎಣಿಸಬೇಕು. ಚಾರ್ಟಿನ ಉದ್ದಕ್ಕೂ ಎಲ್ಲ ರೋಗಿಗಳಿಗೂ 18 ಅಥವಾ 20 ಎಂದೇ ಬರೆದಿದ್ದರೆ ಎಣಿಕೆ ನಡೆದಿಲ್ಲವೆಂದು ತಿಳಿಯಬಹುದು. ನಾಡಿ ನೋಡಿದ ಮೇಲೆ ಮಣಿಕಟ್ಟಿನ ಮೇಲೆ ಬೆರಳನ್ನು ಹಾಗೆಯೇ ಇಟ್ಟುಕೊಂಡು, ರೋಗಿಗೆ ಗೊತ್ತಾಗದಂತೆ, ಎದೆ ಏರಿಳಿಯುವುದನ್ನು ಪೂರಾ ಒಂದು ನಿಮಿಷ ಎಣಿಸಬೇಕು. ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿಯ ಉಸಿರಿನ ಲಯ ಬದಲಾಗುತ್ತದೆ.

ಒಂದು ರಾತ್ರಿಯ ಚಾರ್ಟ್

ಮುಂದಿನ ಪ್ರಸಂಗವನ್ನು ಪಾಠಕ್ಕಾಗಿ ಕಟ್ಟಲಾಗಿದೆ. ಜಿಲ್ಲಾ ಆಸ್ಪತ್ರೆಯೊಂದರ ಮಹಿಳಾ ವಾರ್ಡ್. ರೋಗಿಗೆ 58 ವರ್ಷ, ತೂಕ 50 ಕಿಲೋ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಹಲವು ವರ್ಷಗಳಿಂದ ಮಾತ್ರೆ ನುಂಗುತ್ತಿದ್ದಾರೆ. ಬಲ ಪಕ್ಕೆಯಲ್ಲಿ ನೋವೆಂದು ಬಂದಿದ್ದು, ಮೂತ್ರನಾಳದಲ್ಲಿ ಕಲ್ಲಿರಬಹುದೆಂದು ಮರುದಿನ ಬೆಳಿಗ್ಗೆ ಸ್ಕ್ಯಾನ್ ಬರೆದು ದಾಖಲು ಮಾಡಿಕೊಳ್ಳಲಾಗಿದೆ.

ಸಂಜೆ 4 ಗಂಟೆಗೆ ತಾಪ 99.4 ಫ್ಯಾರನ್‌ಹೀಟ್, ನಾಡಿ 88, ಉಸಿರು 16, ರಕ್ತದೊತ್ತಡ 138/84, ಆಮ್ಲಜನಕ 98. ಪೂರ್ಣ ಎಚ್ಚರ. ನ್ಯೂಸ್-2 ಅಂಕ ಸೊನ್ನೆ. ರಾತ್ರಿ 8ಕ್ಕೆ ಚಳಿ ಬಂದು ತಾಪ 101 ಆಯಿತು. ನಾಡಿ 104, ಉಸಿರು 20, ರಕ್ತದೊತ್ತಡ 128/78, ಆಮ್ಲಜನಕ 97. ತಾಪಕ್ಕೊಂದು, ನಾಡಿಗೊಂದು, ಒಟ್ಟು 2 ಅಂಕ. ಪ್ಯಾರಾಸಿಟಮಾಲ್ ಕೊಡಲಾಯಿತು. ಹೊಸದಾಗಿ ಚಳಿಜ್ವರ ಬಂದ ಕಾರಣ, ಮುಂದಿನ ತಪಾಸಣೆಯನ್ನು 12 ಗಂಟೆಗೆ ಬಿಡದೆ 10 ಗಂಟೆಗೇ ಮಾಡಲು ನರ್ಸ್ ನಿರ್ಧರಿಸಿದರು.

10 ಗಂಟೆಗೆ ತಾಪ 99ಕ್ಕೆ ಇಳಿದಿತ್ತು. ನಾಡಿ 112, ಉಸಿರು 24, ರಕ್ತದೊತ್ತಡ 112/64, ಆಮ್ಲಜನಕ 95. ಜೊತೆಗಿದ್ದ ಮಗಳು, “ಸಿಸ್ಟರ್, ಅಮ್ಮ ಒಂದು ಥರಾ ಮಾತಾಡ್ತಿದ್ದಾರೆ. ಊರಲ್ಲೇ ಇದ್ದೀನಿ ಅಂದ್ಕೊಂಡು ಹಸು ಕಟ್ಟಿದ್ಯಾ ಅಂತ ಕೇಳ್ತಾರೆ” ಎಂದರು. ನರ್ಸ್ ಹೆಸರು, ಊರು, ಈಗ ಎಲ್ಲಿದ್ದೀರಿ ಎಂದು ಕೇಳಿ ನೋಡಿದರು. ಹೆಸರು ಸರಿಯಾಗಿ ಬಂತು, ಸ್ಥಳ ಗೊತ್ತಾಗಲಿಲ್ಲ.

ಈಗ ಅಂಕ ಕೂಡಿಸಿದರೆ ಉಸಿರಿಗೆ 2, ಆಮ್ಲಜನಕಕ್ಕೆ 1, ನಾಡಿಗೆ 2, ಹೊಸದಾಗಿ ಕಂಡ ಗೊಂದಲಕ್ಕೆ 3, ಒಟ್ಟು 8. ತಾಪಕ್ಕೂ ರಕ್ತದೊತ್ತಡಕ್ಕೂ ಸೊನ್ನೆ. ಜ್ವರ ಇಳಿದಿದೆ, ಬಿಪಿ ನಾರ್ಮಲ್ ಎಂದು ಇವೆರಡನ್ನೇ ನೋಡಿದವರು ರೋಗಿ ಸುಧಾರಿಸಿದರೆಂದು ಬರೆದುಕೊಳ್ಳುತ್ತಿದ್ದರು. ಜ್ವರ ಇಳಿಸಿದ್ದು ಪ್ಯಾರಾಸಿಟಮಾಲ್. ಬಿಪಿ ಕಾಯಿಲೆಯಿದ್ದು ಸಂಜೆ 138 ಇದ್ದವರಿಗೆ 112 ಎಂದರೆ ಆರು ಗಂಟೆಗಳಲ್ಲಿ 26ರಷ್ಟು ಇಳಿಕೆ. ಸಂಖ್ಯೆ ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿಂದ ಎಲ್ಲಿಗೆ ಬಂತು ಎಂಬುದೂ ಮುಖ್ಯ. ವೃದ್ಧರಲ್ಲಿ ಜ್ವರವೇ ಬರದಿರಬಹುದು, ಮೈ ತಣ್ಣಗಾಗಬಹುದು. ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ನಾಡಿ ಏರದೆ ಇರಬಹುದು. ಇಂಥವರಲ್ಲಿ ಉಸಿರಾಟ ಮತ್ತು ಮಾತಿನ ಬದಲಾವಣೆಯೇ ದಾರಿ ತೋರಿಸುತ್ತವೆ. ‘ಅಮ್ಮ ಎಂದಿನಂತಿಲ್ಲ’ ಎಂದು ಮನೆಯವರು ಹೇಳಿದರೆ ಅದನ್ನೂ ಒಂದು ಲಕ್ಷಣವೆಂದೇ ಎಣಿಸಬೇಕು.

ಸಕ್ಕರೆ ಕಾಯಿಲೆಯವರು ಗೊಂದಲಗೊಂಡರೆ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಬೇಕು. ಸಕ್ಕರೆ ಕುಸಿದಿದ್ದರೂ ಹೀಗೇ ಕಾಣುತ್ತದೆ. ಇಲ್ಲಿ 214 ಬಂತು, ಆ ಕಾರಣ ತಪ್ಪಿತು. 10:05ಕ್ಕೆ ಕರ್ತವ್ಯದಲ್ಲಿದ್ದ ವೈದ್ಯರಿಗೆ ಫೋನ್ ಹೋಯಿತು. ‘ರೋಗಿ ಸ್ವಲ್ಪ ಡಲ್ ಆಗಿದ್ದಾರೆ’ ಎಂದರೆ ಫೋನಿನ ಆಚೆ ತುಡಿತ ಹುಟ್ಟುವುದಿಲ್ಲ. ನರ್ಸ್ ಹೇಳಿದ ಕ್ರಮ ಹೀಗಿತ್ತು: “ಸರ್, ಮಹಿಳಾ ವಾರ್ಡ್, ಆರನೇ ಬೆಡ್, ಕಲ್ಲಿನ ಅನುಮಾನದ 58 ವರ್ಷದ ಡಯಾಬಿಟಿಸ್ ಪೇಷಂಟ್. ಎಂಟು ಗಂಟೆಗೆ ಚಳಿಜ್ವರ ಬಂತು. ಈಗ ಉಸಿರು 24, ನಾಡಿ 112, ಬಿಪಿ 138ರಿಂದ 112ಕ್ಕೆ ಇಳಿದಿದೆ, ಹೊಸದಾಗಿ ಗೊಂದಲ ಇದೆ, ಶುಗರ್ 214. ನ್ಯೂಸ್ ಅಂಕ 8. ಯೂರಿನ್ ಇನ್ಫೆಕ್ಷನ್‌ನಿಂದ ಸೆಪ್ಸಿಸ್ ಅನ್ನಿಸ್ತಿದೆ. ತಕ್ಷಣ ಬರಬೇಕು. ಅಷ್ಟರಲ್ಲಿ ಲ್ಯಾಕ್ಟೇಟ್‌ಗೂ ಕಲ್ಚರ್‌ಗೂ ರಕ್ತ ತೆಗೆಯಲೇ?” ಯಾರು, ಏನಾಗಿದೆ, ಹಿನ್ನೆಲೆ ಏನು, ತನಗೇನನ್ನಿಸುತ್ತದೆ, ಈಗೇನು ಬೇಕು ಎಂಬ ಐದೂ ಇದರಲ್ಲಿವೆ. ವೈದ್ಯರು ಒಪ್ಪಿಗೆ ಕೊಟ್ಟು ಹೊರಟರು.

ಬಂಡಲ್ ಎಂದರೇನು

ಒಟ್ಟಿಗೆ, ಬೇಗ ಮಾಡಿದರೆ ಫಲ ಕೊಡುವ ಕೆಲವು ಕೆಲಸಗಳ ಕಟ್ಟಿಗೆ ಬಂಡಲ್ ಎನ್ನುತ್ತಾರೆ. ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್ 2018ರಲ್ಲಿ ಮುಂದಿಟ್ಟ ಒಂದು ಗಂಟೆಯ ಬಂಡಲ್‌ನಲ್ಲಿ ಐದು ಕೆಲಸಗಳಿವೆ: ಲ್ಯಾಕ್ಟೇಟ್ ಅಳೆಯುವುದು, ಆ್ಯಂಟಿಬಯಾಟಿಕ್‌ಗೆ ಮೊದಲೇ ರಕ್ತದ ಕಲ್ಚರ್ ತೆಗೆಯುವುದು, ವ್ಯಾಪಕವಾಗಿ ಕೆಲಸ ಮಾಡುವ ಆ್ಯಂಟಿಬಯಾಟಿಕ್ ಕೊಡುವುದು, ರಕ್ತದೊತ್ತಡ ಬಿದ್ದಿದ್ದರೆ ಅಥವಾ ಲ್ಯಾಕ್ಟೇಟ್ 4 ಮಿಲಿಮೋಲ್ ಮುಟ್ಟಿದ್ದರೆ ಕಿಲೋಗೆ 30 ಮಿ.ಲೀ. ಲೆಕ್ಕದಲ್ಲಿ ಡ್ರಿಪ್ ಆರಂಭಿಸುವುದು. ಅದರ ನಡುವೆಯೂ ಒತ್ತಡ ಏರದಿದ್ದರೆ ಅದನ್ನು ಏರಿಸುವ ಔಷಧಿ ಹಚ್ಚುವುದು. ಗಂಟೆಯೊಳಗೆ ಇವೆಲ್ಲ ಆರಂಭವಾಗಬೇಕು, ಮುಗಿಯಬೇಕೆಂದಿಲ್ಲ. ಗಂಟೆ ಶುರುವಾಗುವುದು ಸೆಪ್ಸಿಸ್ ಗುರುತಿಸಿದ ಕ್ಷಣದಿಂದ. ಈ ರೋಗಿಗೆ ಅದು ರಾತ್ರಿ 10.

ಲ್ಯಾಕ್ಟೇಟ್ ಮತ್ತು ಕಲ್ಚರ್

10:12ಕ್ಕೆ ಲ್ಯಾಕ್ಟೇಟ್‌ಗೆ ರಕ್ತ ತೆಗೆದು, ಐಸಿಯುವಿನ ಬ್ಲಡ್ ಗ್ಯಾಸ್ ಯಂತ್ರಕ್ಕೆ ಕಳಿಸಲಾಯಿತು. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ, ರೋಗಿ ಮುಷ್ಟಿ ಬಿಗಿಯುತ್ತ ಬಿಡುತ್ತ ಇದ್ದರೆ, ತೆಗೆದ ರಕ್ತ ಹೊರಗೆ ತುಂಬ ಹೊತ್ತು ಉಳಿದರೆ ಲ್ಯಾಕ್ಟೇಟ್ ಸುಳ್ಳಾಗಿ ಏರುತ್ತದೆ. 10:20ಕ್ಕೆ ವರದಿ ಬಂತು: 4.2. ರಕ್ತದೊತ್ತಡ ಇನ್ನೂ ಬಿದ್ದಿರದಿದ್ದರೂ ಊತಕಗಳಿಗೆ ರಕ್ತ ಸಾಲುತ್ತಿಲ್ಲವೆಂಬುದಕ್ಕೆ ಇದು ಗುರುತು.

ಲ್ಯಾಕ್ಟೇಟ್ ಅಳೆಯುವ ಸೌಲಭ್ಯವಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಬೆರಳ ತುದಿ ನೆರವಿಗೆ ಬರುತ್ತದೆ. ತೋರುಬೆರಳಿನ ತುದಿಯನ್ನು ಬಿಳುಚುವಂತೆ 10 ಸೆಕೆಂಡ್ ಒತ್ತಿ ಹಿಡಿದು ಬಿಟ್ಟಾಗ ಕೆಂಪು ಮರಳಲು 3 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಹರಿವು ಕುಂದಿದೆ ಎಂದರ್ಥ. ಈ ಗುರುತನ್ನು ನೋಡಿಕೊಂಡು ನಡೆಸಿದ ಚಿಕಿತ್ಸೆ ಲ್ಯಾಕ್ಟೇಟ್ ನೋಡಿ ನಡೆಸಿದ್ದಕ್ಕಿಂತ ಕಡಿಮೆಯದಲ್ಲ ಎಂಬ ಸೂಚನೆ 2019ರಲ್ಲಿ ಪ್ರಕಟವಾದ ಆ್ಯಂಡ್ರೊಮಿಡಾ-ಶಾಕ್ ಪ್ರಯೋಗದಿಂದ ಸಿಕ್ಕಿತು. 2021ರ ಮಾರ್ಗಸೂಚಿ ಇದನ್ನು ಪೂರಕ ಅಳತೆಯಾಗಿ ಒಪ್ಪಿದೆ. ಈ ರೋಗಿಯಲ್ಲಿ ಬಣ್ಣ ಮರಳಲು 5 ಸೆಕೆಂಡ್ ಹಿಡಿಯಿತು.

ಕಲ್ಚರ್‌ಗೆ ಎರಡು ಬೇರೆ ಬೇರೆ ಜಾಗಗಳಿಂದ ಎರಡು ಸೆಟ್ ರಕ್ತ ಬೇಕು. ಒಂದೇ ಜಾಗದಿಂದ ತೆಗೆದದ್ದರಲ್ಲಿ ಚರ್ಮದ ಬ್ಯಾಕ್ಟೀರಿಯಾ ಬೆಳೆದರೆ ಅದು ನಿಜವಾದ ಸೋಂಕೋ ಕಲಬೆರಕೆಯೋ ಹೇಳಲಾಗದು. ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್ ಹಚ್ಚಿ ತಾನಾಗಿ ಒಣಗಲು ಬಿಡಬೇಕು. ಒಣಗುವ ಮೊದಲೇ ಚುಚ್ಚಿದರೆ ಅದರ ಕೆಲಸ ಪೂರ್ತಿಯಾಗಿರುವುದಿಲ್ಲ. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್‌ನಿಂದ ಒರೆಸಬೇಕು. ವಯಸ್ಕರಲ್ಲಿ ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ ಬೇಕು, ಕಡಿಮೆಯಾದರೆ ಬ್ಯಾಕ್ಟೀರಿಯಾ ಸಿಗುವ ಸಾಧ್ಯತೆಯೂ ಕಡಿಮೆ. ಮೊದಲೇ ಹಾಕಿದ್ದ ಕ್ಯಾನುಲಾದಿಂದ ತೆಗೆಯಬಾರದು. ತುಂಬಿದ ಬಾಟಲಿಗಳನ್ನು ಫ್ರಿಜ್‌ನಲ್ಲಿ ಇಡಬಾರದು. 10:25ಕ್ಕೆ ಎರಡೂ ಸೆಟ್ ಮುಗಿದವು. ಮೂತ್ರವೂ ಕಲ್ಚರ್‌ಗೆ ಹೋಯಿತು. ಬಾಟಲಿ ಸಿಗದೆ ಅಥವಾ ನರ ಸಿಗದೆ ಮುಕ್ಕಾಲು ಗಂಟೆ ಕಳೆಯುವಂತಿದ್ದರೆ ಕಲ್ಚರ್‌ಗಾಗಿ ಆ್ಯಂಟಿಬಯಾಟಿಕ್ ನಿಲ್ಲಿಸಬಾರದು.

ಆ್ಯಂಟಿಬಯಾಟಿಕ್

ಐದು ಕೆಲಸಗಳಲ್ಲಿ ಹೊತ್ತಿನೊಂದಿಗೆ ಅತಿ ಬಿಗಿಯಾದ ನಂಟಿರುವುದು ಇದಕ್ಕೆ. ನ್ಯೂಯಾರ್ಕ್ ರಾಜ್ಯದ 149 ಆಸ್ಪತ್ರೆಗಳ ಸುಮಾರು 49,000 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆ್ಯಂಟಿಬಯಾಟಿಕ್ ತಡವಾದ ಪ್ರತಿ ಗಂಟೆಗೂ ಸಾವಿನ ಸಂಭವ ಸುಮಾರು ನಾಲ್ಕು ಶೇಕಡಾ ಏರಿದ್ದು ಅದರಲ್ಲಿ ಕಂಡಿತು. ಡ್ರಿಪ್ ಮುಗಿಸಲು ಹಿಡಿದ ಹೊತ್ತಿಗೂ ಸಾವಿಗೂ ಅಂಥ ಸಂಬಂಧ ಕಾಣಲಿಲ್ಲ. ಆದರೆ ಸೆಪ್ಸಿಸ್ ಬರೀ ಅನುಮಾನದ ಹಂತದಲ್ಲಿದ್ದು ರಕ್ತದೊತ್ತಡ ಸರಿಯಿದ್ದರೆ ಬೇಗ ಪರೀಕ್ಷೆ ಮಾಡಿ, ಮೂರು ಗಂಟೆಯೊಳಗೆ ತೀರ್ಮಾನಿಸಬಹುದೆಂದು 2021ರ ಮಾರ್ಗಸೂಚಿ ಸಡಿಲಿಕೆ ಕೊಟ್ಟಿದೆ. ವೈರಲ್ ಜ್ವರಕ್ಕೆಲ್ಲ ಗಂಟೆಯೊಳಗೆ ಬಲವಾದ ಆ್ಯಂಟಿಬಯಾಟಿಕ್ ಬೀಳದಿರಲಿ ಎಂಬುದು ಇದರ ಉದ್ದೇಶ. ಆಘಾತವಿದ್ದರೆ ಅಥವಾ ಸೆಪ್ಸಿಸ್ ಬಹುತೇಕ ಖಚಿತವಿದ್ದರೆ ಒಂದು ಗಂಟೆಯ ಗಡುವೇ ಅನ್ವಯಿಸುತ್ತದೆ. ಈ ರೋಗಿ ಎರಡನೆಯ ಗುಂಪಿಗೆ ಸೇರುತ್ತಾರೆ.

ಔಷಧಿಯ ಆಯ್ಕೆ ವೈದ್ಯರದ್ದು. ಇಲ್ಲಿ ಪಿಪರಾಸಿಲಿನ್-ಟ್ಯಾಝೋಬ್ಯಾಕ್ಟಮ್ 4.5 ಗ್ರಾಂ ಬರೆದರು. ನರ್ಸ್ ನೋಡಬೇಕಾದ್ದು ಮೂರು. ಹಿಂದೆ ಪೆನಿಸಿಲಿನ್ ಜಾತಿಯ ಔಷಧಿಗೆ ಅಲರ್ಜಿ ಆಗಿತ್ತೇ ಎಂದು ಮಗಳನ್ನು ಕೇಳಬೇಕು, ಏಕೆಂದರೆ ರೋಗಿಯ ಉತ್ತರ ಈಗ ನಂಬಲರ್ಹವಲ್ಲ. ಔಷಧಿ ವಾರ್ಡಿನಲ್ಲೇ ಇದೆಯೇ ನೋಡಬೇಕು. ಚೀಟಿ ಹಿಡಿದು ಮನೆಯವರು ಹೊರಗಿನ ಅಂಗಡಿಗೆ ಹೋಗಿ ಬರುವುದರಲ್ಲೇ ಗಂಟೆ ಕಳೆದುಹೋಗುವುದುಂಟು, ಆದ್ದರಿಂದ ಮೊದಲ ಡೋಸ್ ಎಮರ್ಜೆನ್ಸಿ ದಾಸ್ತಾನಿನಲ್ಲಿ ಇರಬೇಕು. ಮೂರನೆಯದು ಲೈನ್. ಡ್ರಿಪ್ ಒಂದು ಕೈಗೆ ಹೋಗುತ್ತಿರುವಾಗ ಆ್ಯಂಟಿಬಯಾಟಿಕ್‌ಗೆ ಇನ್ನೊಂದು ಕೈಯಲ್ಲಿ ಬೇರೆ ಕ್ಯಾನುಲಾ ಇರುವುದು ಒಳ್ಳೆಯದು. ಉದಾಹರಣೆಗೆ ಸೆಫ್ಟ್ರಿಯಾಕ್ಸೋನ್ ಅನ್ನು ರಿಂಗರ್ ಲ್ಯಾಕ್ಟೇಟ್‌ನೊಂದಿಗೆ ಒಂದೇ ಲೈನಿನಲ್ಲಿ ಬೆರೆಸಿದರೆ ದ್ರಾವಣದ ಕ್ಯಾಲ್ಸಿಯಂ ಸೇರಿ ಗಸಿ ಕಟ್ಟುತ್ತದೆ. 10:30ಕ್ಕೆ ಔಷಧಿಯನ್ನು 100 ಮಿ.ಲೀ. ಸಲೈನ್‌ನಲ್ಲಿ ಎಡಗೈಗೆ ಹಚ್ಚಲಾಯಿತು. ಚಾರ್ಟಿನಲ್ಲಿ ಬರೆಯಬೇಕಾದ್ದು ವೈದ್ಯರು ಆದೇಶಿಸಿದ ಹೊತ್ತನ್ನಲ್ಲ, ಔಷಧಿ ರೋಗಿಯ ನರಕ್ಕೆ ಇಳಿಯಲಾರಂಭಿಸಿದ ಹೊತ್ತನ್ನು.

ಡ್ರಿಪ್ ಮತ್ತು ರಕ್ತದೊತ್ತಡದ ಔಷಧಿ

ಲ್ಯಾಕ್ಟೇಟ್ 4 ದಾಟಿದ್ದರಿಂದ ಡ್ರಿಪ್ ಬೇಕು. 50 ಕಿಲೋಗೆ 30ರಂತೆ 1,500 ಮಿ.ಲೀ. ಸಲೈನ್‌ಗಿಂತ ರಿಂಗರ್ ಲ್ಯಾಕ್ಟೇಟ್‌ನಂಥ ಸಮತೋಲಿತ ದ್ರಾವಣ ಮೇಲೆಂದು ಮಾರ್ಗಸೂಚಿಯ ಸಲಹೆ. ಇಡೀ ಪ್ರಮಾಣವನ್ನು ಹಚ್ಚಿಟ್ಟು ಹೋಗುವಂತಿಲ್ಲ. 10:20ಕ್ಕೆ 500 ಮಿ.ಲೀ. ಬಾಟಲಿ ವೇಗವಾಗಿ ಶುರುವಾಗಿ ಕಾಲು ಗಂಟೆಯಲ್ಲಿ ಮುಗಿಯಿತು. ಪ್ರತಿ ಬಾಟಲಿ ಮುಗಿದಾಗಲೂ ನಾಡಿ, ಬಿಪಿ, ಉಸಿರು, ಆಮ್ಲಜನಕ ನೋಡಿ, ಬೆನ್ನಿನ ಕೆಳಭಾಗಕ್ಕೆ ಸ್ಟೆತ್ ಇಟ್ಟು ಶ್ವಾಸಕೋಶದಲ್ಲಿ ನೀರಿನ ಸದ್ದಿದೆಯೇ ಕೇಳಬೇಕು. ಉಸಿರು ಇನ್ನಷ್ಟು ಏರಿ ಆಮ್ಲಜನಕ ಇಳಿದರೆ, ಅಥವಾ ಸದ್ದು ಹೊಸದಾಗಿ ಕೇಳಿದರೆ, ಡ್ರಿಪ್ ನಿಧಾನಿಸಿ ವೈದ್ಯರನ್ನು ಕರೆಯಬೇಕು.

10:35ಕ್ಕೆ ರಕ್ತದೊತ್ತಡ 92/48 ಆಗಿತ್ತು. ಇಲ್ಲಿ ನೋಡಬೇಕಾದ ಸಂಖ್ಯೆ ಸರಾಸರಿ ಒತ್ತಡ. ಮೇಲಿನದರಿಂದ ಕೆಳಗಿನದನ್ನು ಕಳೆದು, ಉಳಿದದ್ದರ ಮೂರನೇ ಒಂದು ಭಾಗವನ್ನು ಕೆಳಗಿನದಕ್ಕೆ ಕೂಡಿಸಬೇಕು. 92ರಿಂದ 48 ಕಳೆದರೆ 44, ಅದರ ಮೂರನೇ ಒಂದು ಭಾಗ ಸುಮಾರು 15, ಸರಾಸರಿ 63. ಗುರಿ 65. ಎರಡನೆಯ ಬಾಟಲಿ ಮುಗಿದ 10:52ಕ್ಕೆ 88/46, ಸರಾಸರಿ 60. ಚಿಕಿತ್ಸೆ ಸರಿಯಾಗಿದ್ದೂ ಒತ್ತಡ ಇಳಿಯುತ್ತಿದೆ. ನಾಳಗಳು ಹಿಗ್ಗಿರುವಾಗ ನೀರೊಂದರಿಂದಲೇ ಒತ್ತಡ ನಿಲ್ಲುವುದಿಲ್ಲ. ಮೂರನೆಯ ಬಾಟಲಿ ಹೋಗುತ್ತಿರುವಂತೆಯೇ 10:58ಕ್ಕೆ ವೈದ್ಯರು ನಾರ್‌ಅಡ್ರಿನಲಿನ್ ಆರಂಭಿಸಿದರು.

ಇದಕ್ಕೆ ಕುತ್ತಿಗೆಯ ದೊಡ್ಡ ನರಕ್ಕೆ ಲೈನ್ ಹಾಕುವವರೆಗೆ ಕಾಯಬೇಕಿಲ್ಲ. ಮೊಣಕೈ ಮಡಿಕೆಯ ಅಥವಾ ಅದಕ್ಕಿಂತ ಮೇಲಿನ ಒಳ್ಳೆಯ ನರದಲ್ಲಿ ಸ್ವಲ್ಪ ಹೊತ್ತಿನ ಮಟ್ಟಿಗೆ ಕೊಡಬಹುದು. ಆದರೆ ಔಷಧಿ ನರದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ ಸಾಯುತ್ತದೆ. ಆದ್ದರಿಂದ ಆ ಕೈಗೆ ಬಿಪಿ ಪಟ್ಟಿ ಕಟ್ಟಬಾರದು. ಕ್ಯಾನುಲಾದ ಜಾಗವನ್ನು ಬಟ್ಟೆಯಿಂದ ಮುಚ್ಚದೆ ಕಾಲು ಗಂಟೆಗೊಮ್ಮೆ ನೋಡಬೇಕು. ಬಿಳುಚುವಿಕೆ, ತಣ್ಣಗಾಗುವಿಕೆ, ಊತ, ಉರಿ ಕಂಡರೆ ಪಂಪ್ ನಿಲ್ಲಿಸಿ, ಕ್ಯಾನುಲಾವನ್ನು ತೆಗೆಯದೆ ವೈದ್ಯರನ್ನು ಕರೆಯಬೇಕು. ಪ್ರತಿವಿಷದ ಔಷಧಿ ಹಾಕಲು ಅದೇ ದಾರಿ ಬೇಕಾಗಬಹುದು. ಔಷಧಿಯ ಸಿರಿಂಜ್ ಖಾಲಿಯಾಗಿ ಒಂದು ನಿಮಿಷ ನಿಂತರೂ ಒತ್ತಡ ಕುಸಿಯುವುದರಿಂದ ಮುಂದಿನ ಸಿರಿಂಜ್ ಮೊದಲೇ ತಯಾರಿರಬೇಕು.

ಗಂಟೆಯಾದ ಮೇಲೆ

11:30ಕ್ಕೆ ಸರಾಸರಿ ಒತ್ತಡ 67ಕ್ಕೆ ಬಂತು. ಕ್ಯಾಥೆಟರ್ ಹಾಕಿ ಗಂಟೆಗಂಟೆಯ ಮೂತ್ರ ಅಳೆಯಲಾಯಿತು. ಗಂಟೆಗೆ ಕಿಲೋಗೆ ಅರ್ಧ ಮಿ.ಲೀ., ಅಂದರೆ ಈ ರೋಗಿಗೆ 25 ಮಿ.ಲೀ. ಆದರೂ ಬರಬೇಕು, ಮೊದಲ ಗಂಟೆ 30 ಬಂತು. ಲ್ಯಾಬ್ ವರದಿಯಲ್ಲಿ ಕ್ರಿಯಾಟಿನಿನ್ 2.1, ಪ್ಲೇಟ್‌ಲೆಟ್ 1,10,000. ಮೂತ್ರಪಿಂಡಕ್ಕೆ 2, ರಕ್ತಕ್ಕೆ 1, ಗೊಂದಲಕ್ಕೆ 1, ಹೀಗೆ 10 ಗಂಟೆಯ ಸ್ಥಿತಿಗೇ ಸೋಫಾ ಅಂಕ 4 ಆಗುತ್ತಿತ್ತು. ವರದಿ ಬಂದಾಗ ಸೆಪ್ಸಿಸ್ ಖಚಿತವಾಯಿತು, ಅಷ್ಟರಲ್ಲಿ ಚಿಕಿತ್ಸೆ ಒಂದು ಗಂಟೆ ಮುಂದೆ ಸಾಗಿತ್ತು. 12:30ಕ್ಕೆ ಮರಳಿ ಅಳೆದ ಲ್ಯಾಕ್ಟೇಟ್ 2.9. ಇಳಿದಿದೆ, ಆದರೆ ಸಾಕಷ್ಟು ಡ್ರಿಪ್ ಕೊಟ್ಟ ಮೇಲೂ ಒತ್ತಡ 65ರಲ್ಲಿ ನಿಲ್ಲಲು ಔಷಧಿ ಬೇಕಾಗಿ, ಲ್ಯಾಕ್ಟೇಟ್ 2ಕ್ಕಿಂತ ಮೇಲಿದ್ದರೆ ಅದು ಸೆಪ್ಟಿಕ್ ಆಘಾತ. ಈ ಹಂತ ಮುಟ್ಟಿದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆಯಲ್ಲೇ ಸಾಯುತ್ತಾರೆ. ರೋಗಿಯನ್ನು ಐಸಿಯುಗೆ ಸಾಗಿಸಲಾಯಿತು.

ಇಲ್ಲಿಗೆ ಬಂಡಲ್ ಮುಗಿದರೂ ಕೆಲಸ ಮುಗಿಯುವುದಿಲ್ಲ. ಹಾಸಿಗೆಯ ಪಕ್ಕದಲ್ಲೇ ಮಾಡಿದ ಅಲ್ಟ್ರಾಸೌಂಡ್‌ನಲ್ಲಿ ಬಲ ಮೂತ್ರಪಿಂಡ ಊದಿಕೊಂಡಿರುವುದೂ ಮೂತ್ರನಾಳದಲ್ಲಿ ಕಲ್ಲು ಅಡ್ಡಗಟ್ಟಿರುವುದೂ ಕಂಡಿತು. ದಾರಿ ಕಟ್ಟಿದ ಮೂತ್ರಪಿಂಡದಲ್ಲಿ ಕೀವು ತುಂಬಿದಾಗ ಆ್ಯಂಟಿಬಯಾಟಿಕ್ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ಮೂಲವನ್ನೇ ಬರಿದು ಮಾಡದಿದ್ದರೆ ಸುಧಾರಣೆ ತಾತ್ಕಾಲಿಕ. ಅದೇ ರಾತ್ರಿ ಚರ್ಮದ ಮೂಲಕ ಮೂತ್ರಪಿಂಡಕ್ಕೆ ನಳಿಕೆ ಇಳಿಸಿ ಕೀವು ಹೊರತೆಗೆದರು. ಬಾವು, ತೂತಾದ ಕರುಳು, ಕೊಳೆತ ಕಾಲಿನ ಗಾಯ, ಸೋಂಕು ತಗುಲಿದ ಹಳೆಯ ಕ್ಯಾನುಲಾ, ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಬಂಡಲ್ ಹೊಂದದ ಕಡೆ

ಕರ್ನಾಟಕದ ಮಳೆಗಾಲದ ವಾರ್ಡಿನಲ್ಲಿ ಜ್ವರ, ಕಡಿಮೆ ಪ್ಲೇಟ್‌ಲೆಟ್, ಬೀಳುವ ಬಿಪಿ ಒಟ್ಟಾಗಿ ಕಂಡರೆ ಅದು ಡೆಂಗಿಯೂ ಇರಬಹುದು. ಅದರಲ್ಲಿ ಡ್ರಿಪ್‌ನ ಲೆಕ್ಕವೇ ಬೇರೆ. ಅಳತೆ ಮೀರಿದ ನೀರು ಎದೆಯಲ್ಲೂ ಹೊಟ್ಟೆಯಲ್ಲೂ ತುಂಬಿಕೊಳ್ಳುತ್ತದೆ. ಸ್ಕ್ರಬ್ ಟೈಫಸ್ ಕೂಡ ಸೆಪ್ಸಿಸ್‌ನಂತೆಯೇ ಅಂಗಗಳನ್ನು ಕೆಡಿಸುತ್ತದೆ, ಆದರೆ ಪೆನಿಸಿಲಿನ್ ಮತ್ತು ಸೆಫಲೋಸ್ಪೋರಿನ್ ಜಾತಿಯ ಔಷಧಿಗಳಿಗೆ ಅದು ಜಗ್ಗದು, ಡಾಕ್ಸಿಸೈಕ್ಲಿನ್ ಬೇಕು. ಹೊಲ, ತೋಟ, ಕಾಡಂಚಿನಲ್ಲಿ ದುಡಿಯುವವರ ಕಂಕುಳು, ತೊಡೆಸಂದು, ಸ್ತನದ ಕೆಳಭಾಗದಲ್ಲಿ ಸುಟ್ಟ ಕಲೆಯಂಥ ಕಪ್ಪು ಹಕ್ಕಳೆ ಇದೆಯೇ ಎಂದು ನೋಡಬೇಕು. ಮೈ ಒರೆಸುವಾಗ ಅದು ಮೊದಲು ಕಾಣುವುದು ನರ್ಸ್ ಕಣ್ಣಿಗೇ.

ಕಿಲೋಗೆ 30 ಮಿ.ಲೀ. ಎಂಬುದೂ ಎಲ್ಲೆಡೆ ಒಪ್ಪುವ ಸಂಖ್ಯೆಯಲ್ಲ. ಜಾಂಬಿಯಾದ ಲುಸಾಕಾದ ಆಸ್ಪತ್ರೆಯೊಂದರಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಕ್ತದೊತ್ತಡ ಬಿದ್ದ ಸೆಪ್ಸಿಸ್ ರೋಗಿಗಳಿಗೆ ನಿಯಮದಂತೆ ಬೇಗ ಬೇಗ ಡ್ರಿಪ್ ಕೊಟ್ಟ ಗುಂಪಿನಲ್ಲಿ 48 ಶೇಕಡಾ ಸಾವು ಕಂಡರೆ, ವಾಡಿಕೆಯ ಚಿಕಿತ್ಸೆಯ ಗುಂಪಿನಲ್ಲಿ 33 ಶೇಕಡಾ ಕಂಡಿತು. ಆ ರೋಗಿಗಳಲ್ಲಿ ಹೆಚ್ಚಿನವರಿಗೆ ಎಚ್‌ಐವಿ ಇತ್ತು; ಅಲ್ಲಿ ವೆಂಟಿಲೇಟರ್ ಸೌಲಭ್ಯವೂ ವಿರಳ. ಅದನ್ನು ಹಾಗೆಯೇ ಇಲ್ಲಿಗೆ ಅನ್ವಯಿಸಲಾಗದು. ಆದರೂ ಉಸಿರಾಟದ ನೆರವಿಲ್ಲದ ಕಡೆ, ಹೃದಯ ದುರ್ಬಲವಾಗಿರುವವರಲ್ಲಿ, ಡಯಾಲಿಸಿಸ್ ರೋಗಿಗಳಲ್ಲಿ, ತೀವ್ರ ರಕ್ತಹೀನತೆ ಇರುವವರಲ್ಲಿ ಸಣ್ಣ ಸಣ್ಣ ಪ್ರಮಾಣದಲ್ಲಿ ಕೊಟ್ಟು, ಪ್ರತಿ ಸಲ ಮರಳಿ ಪರೀಕ್ಷಿಸಬೇಕೆಂಬುದು ಅದರಿಂದ ಸ್ಪಷ್ಟವಾಗುತ್ತದೆ. ಮಕ್ಕಳಿಗೂ ಗರ್ಭಿಣಿ, ಬಾಣಂತಿಯರಿಗೂ ಇಲ್ಲಿ ಹೇಳಿದ ಅಂಕಗಳು ಹೊಂದುವುದಿಲ್ಲ, ಅವರಿಗೆ ಬೇರೆ ಪಟ್ಟಿಗಳಿವೆ.

ಚೇತರಿಕೆಯ ಹಾದಿ

ಎರಡನೆಯ ದಿನ ನಾರ್‌ಅಡ್ರಿನಲಿನ್ ಹಂತಹಂತವಾಗಿ ಇಳಿಸಿ ನಿಲ್ಲಿಸಲಾಯಿತು, ಗೊಂದಲ ತಿಳಿಯಾಯಿತು. ಕಲ್ಚರ್‌ನ ಎರಡೂ ಸೆಟ್‌ಗಳಲ್ಲೂ ಮೂತ್ರದಲ್ಲೂ ಒಂದೇ ಇ. ಕೋಲೈ ಬೆಳೆದಿತ್ತು. ಅದು ಯಾವ ಔಷಧಿಗೆ ಮಣಿಯುತ್ತದೆ ಎಂಬ ವರದಿ ಬಂದ ಮೇಲೆ ವೈದ್ಯರು ವ್ಯಾಪಕ ಆ್ಯಂಟಿಬಯಾಟಿಕ್ ಬಿಟ್ಟು, ಅದಕ್ಕಷ್ಟೇ ತಕ್ಕದ್ದನ್ನು ಬರೆದರು. ಔಷಧಿಗೆ ಮುಂಚೆ ಕಲ್ಚರ್ ತೆಗೆಯದಿದ್ದರೆ ಬ್ಯಾಕ್ಟೀರಿಯಾ ಸಿಗುವುದೇ ಅನುಮಾನವಾಗಿ, ಬಲವಾದ ಔಷಧಿಯನ್ನೇ ಕೊನೆಯವರೆಗೂ ಮುಂದುವರಿಸಬೇಕಾಗುತ್ತಿತ್ತು.

ಮನೆಗೆ ಕಳಿಸುವಾಗ ಹೇಳಬೇಕಾದ ಮಾತುಗಳಿವೆ. ಸೆಪ್ಸಿಸ್‌ನಿಂದ ಉಳಿದವರಲ್ಲಿ ಸುಸ್ತು, ಕೈಕಾಲು ನಿಶ್ಶಕ್ತಿ, ಮರೆವು, ನಿದ್ದೆಗೇಡು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯಬಹುದು. ಮತ್ತೆ ಸೋಂಕು ತಗುಲಿ ಆಸ್ಪತ್ರೆ ಸೇರುವ ಸಂಭವವೂ ಹೆಚ್ಚಿರುತ್ತದೆ. ನಳಿಕೆಯ ಆರೈಕೆ, ಕಲ್ಲು ತೆಗೆಸಲು ಬರಬೇಕಾದ ದಿನಾಂಕ, ಸಕ್ಕರೆಯ ಹತೋಟಿ ಇವುಗಳನ್ನು ಮಗಳಿಗೂ ತಿಳಿಸಿ ಬರೆದುಕೊಡಬೇಕು. ನಡುಕ ಬಂದು ಚಳಿಜ್ವರ ಏರಿದರೆ, ಉಸಿರು ವೇಗವಾದರೆ, ಮೂತ್ರ ಕಡಿಮೆಯಾದರೆ, ಮಾತು ತಡವರಿಸಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಬರಬೇಕು. ಬಂದ ಕೂಡಲೇ ಹಿಂದೊಮ್ಮೆ ಸೆಪ್ಸಿಸ್ ಆಗಿತ್ತೆಂದು ಹೇಳಬೇಕು.